ಸೆರಗು ಇಳಿಯುವಷ್ಟು ಹೊತ್ತು

ಲುಕ್‌ಬುಕ್ ಕಿರುಚಿತ್ರವೆಂದರೆ ಅರ್ಧ ಸೆಕೆಂಡಿಗೊಂದು ಕಟ್ ಎಂಬ ಮೂಢನಂಬಿಕೆಯ ಮೇಲೆ ನನಗೆ ಸಿಟ್ಟಿದೆ. ಈಚೆಗೆ ಒಂದು ಬ್ರ್ಯಾಂಡಿನ ಎಂಟು ಇಳಕಲ್ ಸೀರೆಗಳಿಗೆ 30 ಸೆಕೆಂಡಿನ ಸ್ಟೋರಿಬೋರ್ಡ್ ಬರೆದೆ. ಅವರು ಕೇಳಿದ್ದು 60 ಶಾಟ್. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದೊಂದಕ್ಕೆ ಸಿಗುವುದು 12 ಫ್ರೇಮು. ಸ್ಟಾಪ್‌ವಾಚ್ ಹಿಡಿದು ನೋಡಿದೆ: ರೂಪದರ್ಶಿ ತಿರುಗಿದಾಗ ಸೆರಗು ಹಾರಿ, ಇಳಿದು, ನಿಲ್ಲಲು ಒಂದೂವರೆ ಸೆಕೆಂಡು ಬೇಕು. ಹನ್ನೆರಡನೆಯ ಫ್ರೇಮಿಗೇ ಕತ್ತರಿಸಿದರೆ ಉಳಿಯುವುದು ಕೆಂಪು ಮಸುಕು; ತೋಪ್ ತೆನಿಯ ಬಿಳಿ ಗೋಪುರಗಳು ಕಾಣುವುದೇ ಇಲ್ಲ. ಆ ಜಾಗದಲ್ಲಿ ಕೆಂಪು ಪಾಲಿಯೆಸ್ಟರ್ ಹಾರಿಸಿದರೂ ಯಾರಿಗೂ ತಿಳಿಯದು!

ವೇಗವೇ ಬೇಡ ಎನ್ನುತ್ತಿಲ್ಲ. ಅಂಚು, ಕುಪ್ಪಸದ ತೋಳು, ನೆರಿಗೆ ಹಿಡಿದ ಬೆರಳು, ಇಂಥ ಅಲುಗದ ಕ್ಲೋಸಪ್‌ಗಳಿಗೆ 10 ಫ್ರೇಮು ಸಾಕು. ಪ್ರತಿ ಸೀರೆಗೆ ಅಂಥ ಐದನ್ನು ಪಟಪಟನೆ ಇಟ್ಟು, ತಿರುಗುವ ಶಾಟ್ ಒಂದಕ್ಕೆ 40 ಫ್ರೇಮು ಬಿಟ್ಟೆ. ಒಟ್ಟು 48 ಶಾಟ್, ಸರಿಯಾಗಿ 30 ಸೆಕೆಂಡು. ಮುಂದಿನ ಸೀರೆಗೆ ದಾಟಲು ವಿಪ್ ಪ್ಯಾನ್ ಬೇಕೆಂದರು. ನಾನು ಸೆರಗನ್ನೇ ಲೆನ್ಸಿನ ಮುಂದೆ ಹಾಯಿಸಿದೆ. ಚೌಕಟ್ಟು ಪೂರ್ತಿ ಕೆಂಪಾದಾಗ ಕಟ್, ಆಮೇಲೆ ಇನ್ನೊಂದು ಕೆಂಪು ಸೆರಗು ಅದೇ ದಿಕ್ಕಿಗೆ ಸರಿದು ಹೊಸ ಸೀರೆ ತೆರೆದುಕೊಳ್ಳುತ್ತದೆ. ದಿಕ್ಕು ಬದಲಾದರೆ ಕಣ್ಣು ಎಡವುತ್ತದೆ, ಅದಕ್ಕೇ ಎರಡೂ ಚೌಕಗಳಲ್ಲಿ ಬಾಣ ಬರೆದಿಟ್ಟೆ.

‘ನಿಧಾನವಾಯ್ತು’ ಅಂದರು. ಯಾವುದು ಎಂದೆ. ಸೆರಗಿನ ಶಾಟ್ ತೋರಿಸಿದರು. ಅದನ್ನು ಕತ್ತರಿಸಲು ನಾನಿನ್ನೂ ಒಪ್ಪಿಲ್ಲ.