ಮೊದಲು ಪತ್ರ, ಆಮೇಲೆ ಮಾತು

ಕೆಲಸದ ಮಟ್ಟ ಕುಸಿಯುತ್ತಿರುವ ಉದ್ಯೋಗಿಯನ್ನು ಕರೆದು ಮಾತಾಡಬೇಕಾದಾಗ ಬಹುತೇಕ ಮ್ಯಾನೇಜರ್‌ಗಳು ಆಡಬೇಕಾದ ಮಾತುಗಳನ್ನಷ್ಟೇ ಗುರುತು ಹಾಕಿಕೊಂಡು ಹೋಗುತ್ತಾರೆ. ಮಾತುಕತೆಯ ನಂತರ ಹೋಗಬೇಕಾದ ಪತ್ರವನ್ನು ಎಚ್‌ಆರ್ ವಿಭಾಗದ ಸಿದ್ಧ ನಮೂನೆಯಿಂದ ಎತ್ತಿಕೊಳ್ಳಲಾಗುತ್ತದೆ. ಹೀಗೆ ಮಾಡಿದಾಗ ಕೋಣೆಯಲ್ಲಿ ಆಡಿದ ಮಾತಿಗೂ ಮರುದಿನ ಕೈಸೇರಿದ ಪತ್ರಕ್ಕೂ ಹೊಂದಿಕೆಯಾಗದೆ, ಉದ್ಯೋಗಿಯು ಮಾತನ್ನೂ ನಂಬದ, ಪತ್ರವನ್ನೂ ಒಪ್ಪದ ಸ್ಥಿತಿ ಉಂಟಾಗುತ್ತದೆ. ಈ ಕ್ರಮವನ್ನು ತಿರುವಿಹಾಕಿ, ಪತ್ರದ ಕರಡನ್ನು ಮೊದಲು ಬರೆದು, ಅದರಿಂದ ಮಾತಿನ ಅಂಶಗಳನ್ನು ತೆಗೆದುಕೊಳ್ಳುವುದು ಹೆಚ್ಚು ಸರಿಯಾದದ್ದು. ಏಕೆಂದರೆ ಸಹಿ ಹಾಕಿ ಕಳುಹಿಸಲು ಹಿಂಜರಿಕೆಯಾಗುವ ಯಾವ ಆಕ್ಷೇಪವೂ ಎದುರಿಗೆ ಕುಳಿತು ಹೇಳಲು ಯೋಗ್ಯವಾದುದಲ್ಲ ಎಂಬುದು ಕರಡು ಬರೆಯುವಾಗಲೇ ಮ್ಯಾನೇಜರ್‌ಗೆ ತಿಳಿದುಹೋಗುತ್ತದೆ.

ಹೇಳದೆ ಉಳಿದ ಅಭಿಪ್ರಾಯದ ಬೆಲೆ ಎಷ್ಟೆಂಬುದನ್ನು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ವಿವರವಾಗಿ ಪರಿಶೀಲಿಸಿತ್ತು. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ಕಾರ್ಯನಿರ್ವಾಹಕ ಎಂಜಿನಿಯರ್ ಒಬ್ಬರ ಗೋಪ್ಯ ವರದಿಯಲ್ಲಿ 1993–94ನೇ ಸಾಲಿಗೆ ‘ಉತ್ತಮ’ ಎಂದು ನಮೂದಾಗಿತ್ತು. ಬಡ್ತಿಗೆ ಐದು ವರ್ಷವೂ ‘ಅತ್ಯುತ್ತಮ’ ಎಂದಿರಬೇಕಾಗಿದ್ದರಿಂದ, ಕೇಳಲು ಹೊಗಳಿಕೆಯಂತಿರುವ ಆ ಪದವೇ ಅವರ ಬಡ್ತಿಗೆ ಅಡ್ಡಿಯಾಯಿತು, ಆದರೆ ಅದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ನಮೂದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಸರ್ಕಾರಿ ನೌಕರನಿಗೆ ಅದನ್ನು ಸಕಾಲದಲ್ಲಿ ತಿಳಿಸಲೇಬೇಕು, ತಿಳಿಸಿದರೆ ಮಾತ್ರ ಅವನು ತಿದ್ದಿಕೊಳ್ಳಲೂ ಅದನ್ನು ಪ್ರಶ್ನಿಸಲೂ ಸಾಧ್ಯ ಎಂದು ನ್ಯಾಯಾಲಯ ಹೇಳಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ಈ ನಿಲುವನ್ನು ಎತ್ತಿಹಿಡಿಯಿತು. ಈ ತೀರ್ಪುಗಳು ಸರ್ಕಾರಿ ಸೇವೆಗೆ ಸಂಬಂಧಿಸಿದವು, ಖಾಸಗಿ ಕಂಪನಿಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ತಿದ್ದಿಕೊಳ್ಳುವ ಅವಕಾಶ, ಪ್ರಶ್ನಿಸುವ ಅವಕಾಶ ಎಂಬ ಎರಡು ಪ್ರಯೋಜನಗಳು ಯಾವುದೇ ಕಚೇರಿಯ ಪತ್ರಕ್ಕೂ ಒಳ್ಳೆಯ ಅಳತೆಗೋಲಾಗುತ್ತವೆ.

ವಾದವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಬೆಂಗಳೂರಿನಲ್ಲಿ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಘಟಕವೊಂದರಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿರುವ ಉದ್ಯೋಗಿಯ ಕಡತಗಳಲ್ಲಿ ತಿಂಗಳಿಗೆ 100ನ್ನು ಮಾದರಿಯಾಗಿ ಆಯ್ದು ಮರುಪರಿಶೀಲನೆ ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ಏಪ್ರಿಲ್‌ನಿಂದ ಜೂನ್‌ವರೆಗಿನ 300 ಕಡತಗಳಲ್ಲಿ ಒಂಬತ್ತು ತಪ್ಪೆಂದು ಹಿಂದಿರುಗಿದ್ದವು. ಜುಲೈನಿಂದ ಸೆಪ್ಟೆಂಬರ್‌ವರೆಗೆ 27 ಹಿಂದಿರುಗಿವೆ. ‘ತಪ್ಪುಗಳು ಮೂರು ಪಟ್ಟು ಹೆಚ್ಚಿವೆ’ ಎಂಬ ವಾಕ್ಯ ಮ್ಯಾನೇಜರ್‌ನ ಕರಡಿನಲ್ಲಿ ತಾನಾಗಿಯೇ ಬಂದು ಕೂರುತ್ತದೆ, ಲೆಕ್ಕದ ಮಟ್ಟಿಗೆ ಅದು ಸರಿಯೂ ಹೌದು.

ಆದರೆ ಪತ್ರದಲ್ಲಿ ನಿಲ್ಲಬೇಕಾದ ವಾಕ್ಯಕ್ಕೆ ಇನ್ನೂ ಎರಡು ಪರೀಕ್ಷೆಗಳು ಬಾಕಿ ಇರುತ್ತವೆ. ಮೊದಲನೆಯದು, ಹೋಲಿಸುತ್ತಿರುವ ಎರಡು ಅವಧಿಗಳಲ್ಲಿ ಕೆಲಸ ಒಂದೇ ಆಗಿತ್ತೇ ಎಂಬುದು. 27 ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದಾಗ, ಅವುಗಳಲ್ಲಿ ಹತ್ತು ಕಡತಗಳು ಆಗಸ್ಟ್‌ನಲ್ಲಿ ಈ ಉದ್ಯೋಗಿಯ ಮೇಜಿಗೆ ಹೊಸದಾಗಿ ಬಂದ ಅಪಘಾತದ ಕ್ಲೇಮುಗಳೆಂದೂ, ಮಾದರಿಯಲ್ಲಿ ಅಂಥವು ಒಟ್ಟು 60 ಇದ್ದವೆಂದೂ, ಅವುಗಳಲ್ಲಿ ಇಡೀ ತಂಡ ಹೆಚ್ಚುಕಡಿಮೆ ಇಷ್ಟೇ ಪ್ರಮಾಣದಲ್ಲಿ ಎಡವುತ್ತಿದೆಯೆಂದೂ ತಿಳಿಯುತ್ತದೆ. ಅದು ತರಬೇತಿಯ ಕೊರತೆಯೇ ಹೊರತು ಈ ವ್ಯಕ್ತಿಯ ಕುಸಿತವಲ್ಲ. ಉಳಿದ 240 ಕಡತಗಳಲ್ಲಿ 17 ತಪ್ಪು, ಅಂದರೆ 100ಕ್ಕೆ ಏಳು. ಹಿಂದಿನ ಮೂರಕ್ಕೆ ಹೋಲಿಸಿದರೆ ಕುಸಿತ ನಿಜ, ಆದರೆ ಮೂರು ಪಟ್ಟಲ್ಲ. ಎರಡನೆಯ ಪರೀಕ್ಷೆ, ತಪ್ಪುಗಳು ಒಂದೇ ಕಡೆ ಸೇರಿಕೊಂಡಿವೆಯೇ ಎಂಬುದು. ಆ 17ರಲ್ಲಿ 14 ತಪ್ಪುಗಳು ಕೊಠಡಿ ಬಾಡಿಗೆಗೆ ಮಿತಿಯಿರುವ ಪಾಲಿಸಿಗಳದ್ದು: ರೋಗಿಯು ಮಿತಿಗಿಂತ ದುಬಾರಿ ಕೊಠಡಿಯಲ್ಲಿ ಉಳಿದರೆ, ಪಾಲಿಸಿಯ ಷರತ್ತಿನ ಪ್ರಕಾರ ಕೊಠಡಿಗೆ ತಳಕು ಹಾಕಿಕೊಂಡ ಇತರ ವೆಚ್ಚಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕಾಗುತ್ತದೆ, ಇದನ್ನೇ ಅನುಪಾತದ ಕಡಿತ ಎನ್ನುತ್ತಾರೆ, ಆ ಹೆಜ್ಜೆ ಇಲ್ಲಿ ಬಿಟ್ಟುಹೋಗಿದೆ, ಅದೂ ಹೆಚ್ಚಾಗಿ ಸಂಜೆ ನಾಲ್ಕರ ನಂತರ ಮುಗಿಸಿದ ಕಡತಗಳಲ್ಲಿ. ಇಷ್ಟಾದಾಗ ಆಕ್ಷೇಪ ಗಾತ್ರದಲ್ಲಿ ಚಿಕ್ಕದಾಗುತ್ತದೆ, ಆದರೆ ಅಲ್ಲಗಳೆಯಲಾಗದಷ್ಟು ಗಟ್ಟಿಯಾಗುತ್ತದೆ. ಕರಡಿನಲ್ಲಿದ್ದ ‘ಗಮನ ಕಡಿಮೆಯಾಗಿದೆ’, ‘ಮೊದಲಿನ ಉತ್ಸಾಹವಿಲ್ಲ’ ಎಂಬಂಥ ಮಾತುಗಳು ತಾವಾಗಿಯೇ ಉದುರಿಹೋಗುತ್ತವೆ. ಅವು ಮ್ಯಾನೇಜರ್‌ನ ಊಹೆಗಳು, ಕಡತದಲ್ಲಿ ಅವಕ್ಕೆ ಆಧಾರವಿಲ್ಲ.

ಉದುರಿದ ಮಾತುಗಳು ಉದುರಿಯೇ ಇರಬೇಕೆನ್ನುವುದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬ ಮನೋವಿಜ್ಞಾನಿಗಳು 1996ರಲ್ಲಿ ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲಸದ ಬಗ್ಗೆ ಹೇಳಿದ ಅಭಿಪ್ರಾಯಗಳು ಸರಾಸರಿಯಲ್ಲಿ ಸುಧಾರಣೆ ತಂದಿದ್ದರೂ, ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸವನ್ನು ಇನ್ನಷ್ಟು ಕೆಡಿಸಿದ್ದವು. ಕೇಳುವವನ ಗಮನ ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬ ಪ್ರಶ್ನೆಯತ್ತ ಹೋದಷ್ಟೂ ಅಭಿಪ್ರಾಯದ ಪ್ರಯೋಜನ ಕುಗ್ಗುತ್ತದೆಂಬುದು ಅವರು ಕೊಟ್ಟ ವಿವರಣೆ. ಟೀಕೆಯ ಮುಂದೊಂದು ಹಿಂದೊಂದು ಹೊಗಳಿಕೆ ಇಡುವ, ತರಬೇತಿ ಶಿಬಿರಗಳ ಪ್ರಿಯ ಪದ್ಧತಿಯೂ ಇದೇ ಕಾರಣಕ್ಕೆ ಅನುಮಾನಾಸ್ಪದ. ‘ನೀವು ನಮ್ಮ ಬಹಳ ಒಳ್ಳೆಯ ಉದ್ಯೋಗಿ, ಆದರೆ’ ಎಂದು ಶುರುವಾದ ವಾಕ್ಯದಲ್ಲಿ ಚರ್ಚೆಯಾಗುವುದು ಕಡತವಲ್ಲ, ಮನುಷ್ಯ.

ಈಗ ಮಾತಿನ ಅಂಶಗಳನ್ನು ಅರ್ಧ ಪುಟದಲ್ಲಿ ಬರೆಯಬಹುದು, ಅದಕ್ಕಿಂತ ಹೆಚ್ಚಾದರೆ ಅದು ಮಾತುಕತೆಗಿಂತ ಭಾಷಣವಾಗುವ ಸಂಭವವಿದೆ. ಪೂರ್ತಿ ವಾಕ್ಯವಾಗಿ ಬರೆದುಕೊಳ್ಳಬೇಕಾದದ್ದು ಮೊದಲನೆಯದು ಮಾತ್ರ, ಏಕೆಂದರೆ ಮುಜುಗರದಿಂದ ಸುತ್ತುಬಳಸುವುದು ಅಲ್ಲಿಯೇ: ‘ಬಾಡಿಗೆ ಮಿತಿಯ ಕಡತಗಳಲ್ಲಿ ಮೂರು ತಿಂಗಳಿಂದ ಅನುಪಾತದ ಕಡಿತ ಬಿಟ್ಟುಹೋಗ್ತಿದೆ, 14 ಕಡತ ಸಿಕ್ಕಿವೆ, ಅದರ ಬಗ್ಗೆ ಮಾತಾಡೋಣ ಅಂತ ಕರೆದೆ.’ ಇದರ ಹಿಂದೆಯೇ ಎರಡು ಕಡತಗಳನ್ನು ಮುಂದಿಡಬೇಕು, ಹದಿನಾಲ್ಕನ್ನೂ ಅಲ್ಲ. ಅಪಘಾತದ ಕ್ಲೇಮುಗಳ ಹತ್ತು ತಪ್ಪುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ಮ್ಯಾನೇಜರ್ ತಾನಾಗಿಯೇ ಹೇಳುವುದು ಮುಖ್ಯ; ಉದ್ಯೋಗಿ ಅದನ್ನು ಎತ್ತಿ ವಾದಿಸುವ ತನಕ ಕಾದರೆ, ಹೇಳಿದ ಉಳಿದ ಮಾತುಗಳೂ ಪಕ್ಷಪಾತದಂತೆ ಕೇಳಿಸುತ್ತವೆ. ಮೂರನೆಯದು ಪ್ರಶ್ನೆ: ‘ನಿಮ್ಮ ಪ್ರಕಾರ ಏನಾಗ್ತಿದೆ?’ ಇದಕ್ಕೆ ಉತ್ತರ ಬರುವವರೆಗೆ ಸುಮ್ಮನಿರಬೇಕೆಂದು ಕಾಗದದ ಮೇಲೆಯೇ ಬರೆದುಕೊಳ್ಳುವುದು ಹಾಸ್ಯಾಸ್ಪದವೆನಿಸಬಹುದು, ಆದರೆ ಬಹುತೇಕ ಮ್ಯಾನೇಜರ್‌ಗಳು ತಪ್ಪುವ ಜಾಗ ಇದೇ. ಮೌನವನ್ನು ತಾಳಲಾರದೆ ಕಾರಣವನ್ನೂ ಪರಿಹಾರವನ್ನೂ ಅವರೇ ಹೇಳಿಬಿಡುತ್ತಾರೆ, ಉದ್ಯೋಗಿ ತಲೆಯಾಡಿಸಿ ಹೊರಡುತ್ತಾನೆ.

ಎದುರಾಗಬಹುದಾದ ಮಾತುಗಳಿಗೂ ಉತ್ತರ ಸಿದ್ಧವಿರಬೇಕಾಗುತ್ತದೆ. ‘ಬೇರೆಯವರದ್ದೂ ಹಾಗೇ ಇದೆ’ ಎಂದರೆ, ಬೇರೆಯವರ ವಿಷಯ ಅವರೊಂದಿಗೇ ಮಾತಾಡುವಂಥದ್ದೆಂದು ಹೇಳಿ ಮುಂದೆ ಹೋಗಬಹುದು. ‘ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ’ ಎಂಬುದು ಕಷ್ಟದ ಮಾತು, ಏಕೆಂದರೆ ಹಲವು ಸಲ ಅದು ನಿಜ. ಜುಲೈನ ತಪ್ಪನ್ನು ಅಕ್ಟೋಬರ್‌ನಲ್ಲಿ ಹೇಳುತ್ತಿದ್ದರೆ ವಿಳಂಬವನ್ನು ಒಪ್ಪಿಕೊಳ್ಳುವುದೇ ದಾರಿ, ಪತ್ರದಲ್ಲೂ ಅದನ್ನು ಒಂದು ಸಾಲಿನಲ್ಲಿ ಬರೆಯಬೇಕು.

ಪ್ರಸಂಗದ ಉದ್ಯೋಗಿ ಉತ್ತರವಾಗಿ, ಜುಲೈನಿಂದ ತಂದೆಯನ್ನು ವಾರಕ್ಕೆ ಮೂರು ಸಂಜೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಾಗಿರುವುದರಿಂದ ಕೊನೆಯ ಗಂಟೆಯಲ್ಲಿ ಕಡತಗಳನ್ನು ಅವಸರದಲ್ಲಿ ಮುಗಿಸುತ್ತಿರುವುದಾಗಿ ಹೇಳುತ್ತಾನೆ ಎಂದುಕೊಳ್ಳೋಣ. ಕರಡಿನಲ್ಲಿಲ್ಲದ ಸಂಗತಿಯೊಂದು ಹೀಗೆ ಬಂದಾಗ ಮ್ಯಾನೇಜರ್ ಎರಡು ಕೆಲಸ ಮಾಡಬೇಕು. ಬಾಡಿಗೆ ಮಿತಿಯ ಕಡತಗಳನ್ನು ಮಧ್ಯಾಹ್ನದೊಳಗೇ ಮುಗಿಸುವ ಏರ್ಪಾಡಿನಂಥ, ತನ್ನ ಅಧಿಕಾರದಲ್ಲಿರುವ ಬದಲಾವಣೆಯನ್ನು ಅಲ್ಲಿಯೇ ಸೂಚಿಸಬಹುದು. ಕೆಲಸದ ಅವಧಿಯನ್ನೇ ಬದಲಿಸುವಂಥ, ತನ್ನ ಕೈಯಲ್ಲಿಲ್ಲದ ಭರವಸೆಯನ್ನು ಮಾತ್ರ ಕೊಡಬಾರದು. ಮನೆಯ ಕಾಯಿಲೆಯ ವಿವರ ಪತ್ರದಲ್ಲಿ ಇರಬೇಕೇ ಎಂದು ಉದ್ಯೋಗಿಯನ್ನೇ ಕೇಳಬೇಕು, ಏಕೆಂದರೆ ಆ ಪತ್ರವನ್ನು ಮುಂದೆ ಯಾರು ಓದುತ್ತಾರೆಂಬುದು ಮ್ಯಾನೇಜರ್‌ನ ಹಿಡಿತದಲ್ಲಿರುವುದಿಲ್ಲ.

ಮರುದಿನದೊಳಗೆ ಹೋಗಬೇಕಾದ ಪತ್ರವು, ಕರಡಿನ ಮೇಲೆ ಈ ತಿದ್ದುಪಡಿಗಳಾದ ನಂತರ, ಹೆಚ್ಚುಕಡಿಮೆ ಹೀಗಿರಬಹುದು:

‘ನಿನ್ನೆ ನಾವು ಮಾತಾಡಿದ್ದನ್ನು ನಾನು ಅರ್ಥಮಾಡಿಕೊಂಡಂತೆ ಬರೆದಿದ್ದೇನೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಮಿತಿಯ 14 ಕಡತಗಳಲ್ಲಿ ಅನುಪಾತದ ಕಡಿತ ಬಿಟ್ಟುಹೋಗಿದೆ. ಅಪಘಾತದ ಕ್ಲೇಮುಗಳಲ್ಲಿನ ತಪ್ಪುಗಳನ್ನು ಇದರಲ್ಲಿ ಸೇರಿಸಿಲ್ಲ. ಇದನ್ನು ಆಗಸ್ಟ್‌ನಲ್ಲಿಯೇ ನಿಮಗೆ ತಿಳಿಸಬೇಕಿತ್ತು, ತಡವಾಗಿದೆ. ಸಂಜೆಯ ಹೊತ್ತು ವೈಯಕ್ತಿಕ ಕಾರಣದಿಂದ ಅವಸರವಾಗುತ್ತಿದೆ ಎಂದು ನೀವು ತಿಳಿಸಿದ್ದೀರಿ. ಸೋಮವಾರದಿಂದ ಈ ಬಗೆಯ ಕಡತಗಳು ನಿಮಗೆ ಬೆಳಿಗ್ಗೆಯೇ ಬರುತ್ತವೆ. ನಾಲ್ಕು ವಾರ ಇಂಥ ಎಲ್ಲ ಕಡತಗಳನ್ನೂ ಮರುಪರಿಶೀಲಿಸುತ್ತೇವೆ; ಸುಮಾರು 200 ಕಡತಗಳಲ್ಲಿ ತಪ್ಪು ಆರನ್ನು ಮೀರಬಾರದು. ಐದನೆಯ ವಾರದ ಮೊದಲ ದಿನ ಮತ್ತೆ ಕೂರೋಣ. ಇದರಲ್ಲಿ ಏನಾದರೂ ನಾವು ಆಡಿದಂತೆ ಇಲ್ಲದಿದ್ದರೆ ತಿದ್ದಿ ಕಳುಹಿಸಿ, ಅದನ್ನೂ ಈ ಪತ್ರದೊಡನೆ ಇಡುತ್ತೇನೆ.’

ಗುರಿಯನ್ನು ಮಾಮೂಲಿ ಮಾದರಿಯ ಮೇಲೆ ಇಡದಿರುವುದಕ್ಕೆ ಕಾರಣವಿದೆ. ತಿಂಗಳ 100 ಕಡತಗಳಲ್ಲಿ ಬಾಡಿಗೆ ಮಿತಿಯವು ಕೆಲವೇ ಇರುತ್ತವೆ, ಒಂದೆರಡು ತಪ್ಪು ಆಕಸ್ಮಿಕವಾಗಿ ಹೆಚ್ಚು ಸಿಕ್ಕಿದರೂ ಫಲಿತಾಂಶ ತಲೆಕೆಳಗಾಗುತ್ತದೆ. ಆದ್ದರಿಂದ ಆ ಬಗೆಯ ಎಲ್ಲ ಕಡತಗಳನ್ನೂ ನೋಡುವುದು, ಮತ್ತು 100ಕ್ಕೆ ಮೂರು ಎಂಬ ಉದ್ಯೋಗಿಯ ಹಿಂದಿನ ಒಟ್ಟಾರೆ ಮಟ್ಟವನ್ನೇ ಗುರಿಯಾಗಿಸುವುದು ನ್ಯಾಯ. ಭಾಷೆಯ ವಿಷಯದಲ್ಲೂ ಎಚ್ಚರ ಬೇಕು. ಬೆಂಗಳೂರಿನ ಕಚೇರಿಗಳಲ್ಲಿ ಇಂಥ ಮಾತು ಕನ್ನಡದಲ್ಲಿ ‘ಸ್ವಲ್ಪ ನೋಡ್ಕೊಳ್ಳಿ’ ಎಂಬಷ್ಟು ಮೆದುವಾಗಿ ನಡೆದು, ಪತ್ರ ಮಾತ್ರ ಇಂಗ್ಲಿಷ್ ನಮೂನೆಯ ಗಡಸು ಪದಗಳಲ್ಲಿ ಹೋಗುವುದುಂಟು. ಪತ್ರ ಯಾವ ಭಾಷೆಯಲ್ಲೇ ಇರಲಿ, ಅದರಲ್ಲಿನ ತೀವ್ರತೆ ಕೋಣೆಯಲ್ಲಿ ಕೇಳಿಸಿದ ತೀವ್ರತೆಗಿಂತ ಹೆಚ್ಚಾಗಿದ್ದರೆ ಒಂದೋ ಮಾತಿನಲ್ಲಿ ವಿಷಯ ಮುಚ್ಚಿಟ್ಟಂತಾಗಿರುತ್ತದೆ, ಇಲ್ಲವೇ ಪತ್ರ ಅತಿಯಾಗಿರುತ್ತದೆ.

ಈ ಪತ್ರ ಎಚ್ಚರಿಕೆ ಪತ್ರವಲ್ಲ, ಕೆಲಸದಿಂದ ತೆಗೆಯುವ ಮುನ್ನ ಹಲವು ಕಂಪನಿಗಳು ಜಾರಿಮಾಡುವ, ಪಿಐಪಿ ಎಂದು ಕರೆಸಿಕೊಳ್ಳುವ ಕಾರ್ಯಕ್ಷಮತೆ ಸುಧಾರಣಾ ಯೋಜನೆಯೂ ಅಲ್ಲ. ಮುಂದೆ ವಿವಾದ ಉಂಟಾದರೆ ಇದು ದಾಖಲೆಯಾಗಬಹುದು, ಆದರೆ ದಾಖಲೆ ಸೃಷ್ಟಿಸಲೆಂದೇ ಬರೆದ ಪತ್ರದಲ್ಲಿ ಆ ಉದ್ದೇಶ ಎದ್ದು ಕಾಣುತ್ತದೆ. ತೆಗೆಯುವ ನಿರ್ಧಾರ ಮೊದಲೇ ಆಗಿದ್ದರೆ ‘ನಿಮ್ಮ ಪ್ರಕಾರ ಏನಾಗ್ತಿದೆ’ ಎಂದು ಕೇಳುವ ನಾಟಕವನ್ನು ಆಡದಿರುವುದೇ ಮರ್ಯಾದೆ. ನಾಲ್ಕು ವಾರಗಳ ನಂತರ ಆರರ ಬದಲು ಹನ್ನೆರಡು ತಪ್ಪು ಕಂಡುಬಂದರೆ, ಮೊದಲು ಕಡತಗಳು ನಿಜವಾಗಿಯೂ ಬೆಳಿಗ್ಗೆಯೇ ಬರುತ್ತಿದ್ದವೇ ಎಂಬುದನ್ನು, ಅಂದರೆ ಕಚೇರಿ ತಾನು ಬರೆದುಕೊಟ್ಟ ಮಾತನ್ನು ಉಳಿಸಿಕೊಂಡಿತೇ ಎಂಬುದನ್ನು ನೋಡಬೇಕು. ಉಳಿಸಿಕೊಂಡಿದ್ದೂ ತಪ್ಪು ಇಳಿಯದಿದ್ದರೆ, ಮುಂದಿನ ಹೆಜ್ಜೆ ಎಚ್‌ಆರ್ ವಿಭಾಗದ್ದು ಎಂಬುದನ್ನು ಎರಡನೆಯ ಭೇಟಿಯಲ್ಲಿ ಉದ್ಯೋಗಿಗೆ ಬಾಯಿಬಿಟ್ಟು ಹೇಳಿದ ನಂತರವೇ ಬೇರೆ ಕಾಗದ ಹೊರಡಬೇಕು.