ಚುಕ್ಕೆಯ ಆಚೆಗಿನ ಅಂಕಿ

ಒಂದು ಮನೆತನದ ಜಮೀನಿನ ಬೆಲೆಯನ್ನು ಮೂವರು ಮಕ್ಕಳಿಗೆ ಹಂಚಬೇಕಾಗಿದೆ ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಯಲ್ಲಿ ಎರಡು ಪಹಣಿಗಳಿವೆ, ಒಂದು ಕ್ರಯಪತ್ರವಿದೆ, ಬ್ಯಾಂಕಿಗಾಗಿ ಬರೆಸಿದ ಮೌಲ್ಯಮಾಪನದ ವರದಿಯೊಂದಿದೆ. ಮನೆಯ ಹಿರಿಯ ಮಗನು ಇವುಗಳಲ್ಲಿಯ ಅಂಕಿಗಳನ್ನೆಲ್ಲ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಏರಿಸಿ ಮೊತ್ತ ಹಾಕುತ್ತಾನೆ. ಯಂತ್ರವು ಕೂಡುವುದರಲ್ಲಿ ತಪ್ಪುವುದಿಲ್ಲ. ಆದರೆ ಹಾಗೆ ಕೂಡಬಾರದ ಅಂಕಿಗಳನ್ನು ಕೊಟ್ಟರೂ ಅದು ಮರುಮಾತಿಲ್ಲದೆ ಕೂಡಿಕೊಡುತ್ತದೆ.

ಮೊದಲು ವಿಸ್ತೀರ್ಣವನ್ನು ನೋಡಿರಿ. ಒಂದು ಪಹಣಿಯಲ್ಲಿ 1.10 ಎಂದಿದೆ, ಮತ್ತೊಂದರಲ್ಲಿ 1.35. ಯಂತ್ರವು 2.45 ಎಂದು ತೋರಿಸುತ್ತದೆ. ಆದರೆ ಪಹಣಿಯ ಚುಕ್ಕೆ ದಶಾಂಶದ ಚುಕ್ಕೆಯಲ್ಲ. ಅದರ ಹಿಂದಿರುವುದು ಎಕರೆ, ಮುಂದಿರುವುದು ಗುಂಟೆ. 40 ಗುಂಟೆಗೆ ಒಂದು ಎಕರೆ. ಆದುದರಿಂದ 10 ಗುಂಟೆಗೆ 35 ಗುಂಟೆ ಸೇರಿದರೆ 45 ಗುಂಟೆ, ಅಂದರೆ ಒಂದು ಎಕರೆ 5 ಗುಂಟೆ. ನಿಜವಾದ ಮೊತ್ತ 3 ಎಕರೆ 5 ಗುಂಟೆ, ಅಥವಾ 125 ಗುಂಟೆ. 2.45 ಎಂಬುದನ್ನು ದಶಾಂಶವೆಂದೇ ಎಣಿಸಿದರೆ ಬರುವುದು 98 ಗುಂಟೆ ಮಾತ್ರ. ಕಾಗದದ ಮೇಲೆಯೇ 27 ಗುಂಟೆ ಮಾಯವಾಯಿತು!

ಇದನ್ನು ಗುರುತಿಸಲು ಒಂದು ಸುಲಭವಾದ ಲಕ್ಷಣವುಂಟು. ಸರಿಯಾಗಿ ಬರೆದ ಎಕರೆ-ಗುಂಟೆ ಲೆಕ್ಕದಲ್ಲಿ ಚುಕ್ಕೆಯ ಮುಂದೆ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಬರಲಾರದು. ಬಂದಿದ್ದರೆ ಯಾರೋ ದಶಾಂಶದ ರೀತಿಯಲ್ಲಿ ಕೂಡಿದ್ದಾರೆಂದೇ ತಿಳಿಯಬೇಕು. ಆದರೆ ಅಂಕಿ 39ರ ಒಳಗಿದ್ದ ಮಾತ್ರಕ್ಕೆ ಲೆಕ್ಕ ಸರಿಯೆಂದು ಹೇಳುವಂತಿಲ್ಲ. ಇನ್ನೊಂದು ತೊಡಕೆಂದರೆ, 1.10 ಎಂದು ಬರೆದರೆ ಎಕ್ಸೆಲ್ ಹಾಳೆ ಕೊನೆಯ ಸೊನ್ನೆಯನ್ನು ಬಿಟ್ಟು 1.1 ಎಂದು ತೋರಿಸುತ್ತದೆ. ಅದು ಹತ್ತು ಗುಂಟೆಯೋ ಒಂದು ಗುಂಟೆಯೋ ಎಂದು ಆಮೇಲೆ ಹೇಳುವವರು ಯಾರು? ಆದುದರಿಂದ ಎಕರೆಗೊಂದು, ಗುಂಟೆಗೊಂದು ಎಂದು ಎರಡು ಅಂಕಣಗಳನ್ನು ಮಾಡಿ, ಮೂರನೆಯದರಲ್ಲಿ ಎಲ್ಲವನ್ನೂ ಗುಂಟೆಗೆ ಇಳಿಸಿ ಬರೆಯುವುದೇ ಕ್ಷೇಮ.

ಇನ್ನು ಹಣದ ವಿಚಾರ. ವರದಿಯ ಒಂದು ಪುಟದಲ್ಲಿ ಜಮೀನಿನ ಬೆಲೆ 'ಒಂದು ಕೋಟಿ ಐದು ಲಕ್ಷ' ಎಂದಿದೆ. ಇನ್ನೊಂದು ಪುಟದ ಕೋಷ್ಟಕದಲ್ಲಿ ಬರಿಯ 105.00 ಎಂದಿದೆ, 'ರೂಪಾಯಿ, ಲಕ್ಷಗಳಲ್ಲಿ' ಎಂಬ ಮಾತು ಕೋಷ್ಟಕದ ತಲೆಯ ಮೇಲಿದೆ. ಅಂಕಿಯನ್ನು ಮಾತ್ರ ಎತ್ತಿಕೊಂಡರೆ ತಲೆಬರಹ ಅಲ್ಲಿಯೇ ಉಳಿದು, ಜಮೀನು ನೂರೈದು ರೂಪಾಯಿಯದಾಗುತ್ತದೆ. ಇದು ನಗೆ ತರಿಸುವ ತಪ್ಪಾದ್ದರಿಂದ ಕೂಡಲೇ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಬೇರೆ: ಒಂದು ಕೋಟಿ ಐದು ಲಕ್ಷವನ್ನು 1.5 ಕೋಟಿ ಎಂದು ಬರೆಯುವುದು. ಅದು 1.05 ಕೋಟಿ ಆಗಬೇಕು. ಬಿಟ್ಟುಹೋದ ಒಂದು ಸೊನ್ನೆಯ ಬೆಲೆ 45 ಲಕ್ಷ ರೂಪಾಯಿ. ಎಲ್ಲವನ್ನೂ ಪೂರ್ಣ ರೂಪಾಯಿಗೆ ಬಿಡಿಸಿ 1,05,00,000 ಎಂದು ಬರೆದರೆ ಈ ಭಯವಿಲ್ಲ. ವಿದೇಶದ ಕ್ರಮದಲ್ಲಿ ಅದನ್ನೇ 10,500,000 ಎಂದು ಬರೆದಿರುವುದುಂಟು. ಅಲ್ಪವಿರಾಮಗಳ ಸ್ಥಾನ ಬೇರೆಯಾದರೂ ಅಂಕಿಗಳು ಎಂಟೇ.

ದಿನಾಂಕದ ತೊಡಕು ಇನ್ನೂ ಸೂಕ್ಷ್ಮವಾದುದು. ಕ್ರಯಪತ್ರವನ್ನು ಬರೆದದ್ದು 03/04/2012; ನೋಂದಣಿಯಾದದ್ದು 25/04/2012. ನಮಗೆ ಮೊದಲನೆಯದು ಏಪ್ರಿಲ್ 3. ಅಮೆರಿಕದ ರೂಢಿಗೆ ಹೊಂದಿಸಿದ ಕಂಪ್ಯೂಟರಿಗೆ ಅದು ಮಾರ್ಚ್ 4. ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ ಎರಡನೆಯದನ್ನು ಅದು ದಿನಾಂಕವೆಂದೇ ಒಪ್ಪದೆ, ಬರಿಯ ಅಕ್ಷರಗಳಂತೆ ಅಂಕಣದ ಎಡಕ್ಕೆ ಇಡುತ್ತದೆ. ಒಪ್ಪಿದುದನ್ನು ಬಲಕ್ಕೆ ಇಡುತ್ತದೆ. ಒಂದೇ ಅಂಕಣದಲ್ಲಿ ಕೆಲವು ದಿನಾಂಕಗಳು ಎಡಕ್ಕೂ ಕೆಲವು ಬಲಕ್ಕೂ ನಿಂತಿದ್ದರೆ, ಬಲಕ್ಕಿರುವವುಗಳನ್ನೇ ಮೊದಲು ಸಂಶಯಿಸಬೇಕು. ನಷ್ಟವೇನೆಂದು ಕೇಳುವಿರಾ? ಮಾರ್ಚ್ 4 ಬೀಳುವುದು 2011-12ರ ಆರ್ಥಿಕ ವರ್ಷದಲ್ಲಿ, ಏಪ್ರಿಲ್ 3 ಬೀಳುವುದು 2012-13ರಲ್ಲಿ. ತೆರಿಗೆಯ ಲೆಕ್ಕದಲ್ಲಿ ವರ್ಷವೇ ಬದಲಾಗಿ ಹೋಯಿತು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2012-04-03 ಎಂದು ಬರೆದರೆ ಸಂದಿಗ್ಧವಿಲ್ಲ.

ಹೀಗೆ ತಿದ್ದಿದ ಮೇಲೆ ಲೆಕ್ಕವನ್ನು ಒರೆಗೆ ಹಚ್ಚುವ ಬಗೆ ಯಾವುದು? ಕಾಗದಗಳನ್ನೇ ಒಂದಕ್ಕೊಂದು ಸಾಕ್ಷಿ ಮಾಡಬೇಕು. ವರದಿಯಲ್ಲಿ ಗುಂಟೆಗೆ 84,000 ರೂಪಾಯಿ ದರವಿದೆ. 125 ಗುಂಟೆಗೆ ಗುಣಿಸಿದರೆ ಸರಿಯಾಗಿ ಒಂದು ಕೋಟಿ ಐದು ಲಕ್ಷ. ತಲಾ 35 ಲಕ್ಷದ ಪಾಲು. 98 ಗುಂಟೆಗೆ ಗುಣಿಸಿದರೆ 82,32,000 ಮಾತ್ರ. ಆಗ ಒಬ್ಬೊಬ್ಬರ ಪಾಲಿನಲ್ಲಿಯೂ ಏಳೂವರೆ ಲಕ್ಷಕ್ಕೂ ಮಿಕ್ಕಿ ಕೊರತೆ. ಆದರೆ ವಿಸ್ತೀರ್ಣವೂ ದರವೂ ಒಂದೇ ತಪ್ಪು ಮೂಲದಿಂದ ಬಂದಿದ್ದರೆ ಈ ಪರೀಕ್ಷೆ ಸಾಲದು. ಆದ್ದರಿಂದಲೇ ಕಾಗದದಲ್ಲಿ ಇದ್ದುದನ್ನು ಇದ್ದ ಹಾಗೆಯೇ ಒಂದು ಅಂಕಣದಲ್ಲಿ ಉಳಿಸಿ, ಅದು ಯಾವ ಪುಟದ್ದೆಂದು ಗುರುತು ಹಾಕಿ, ತಿದ್ದಿದ ರೂಪವನ್ನು ಪಕ್ಕದಲ್ಲಿ ಬರೆಯಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು 'ಇದು ಎಲ್ಲಿಂದ ಬಂತು?' ಎಂದು ಕೇಳಿದ ದಿನ, ಬೆರಳಿಟ್ಟು ತೋರಿಸಲು ಮೂಲದ ಅಂಕಿ ಹಾಳೆಯ ಮೇಲೆಯೇ ಇರಬೇಕು.