ಇಡೀ ಪಠ್ಯದ ಮರುಪರೀಕ್ಷೆ ಯಾವ ತಪ್ಪನ್ನು ಹಿಡಿದೀತು?

ತರಗತಿಯ ಫಲಿತಾಂಶ ಕುಸಿದಾಗ ದುರ್ಬಲ ಪಾಠಗಳಿಗಷ್ಟೇ ಕಿರುಪರೀಕ್ಷೆ ಕೊಡುವುದು ಮಕ್ಕಳಿಗೆ ಹೊರೆ, ಅಂಕ ಏರಿಸುವ ಅಡ್ಡದಾರಿ. ಇಡೀ ಪಠ್ಯವನ್ನು ಪುನರಾವರ್ತಿಸಿ ಮರುಪರೀಕ್ಷೆ ಮಾಡುವುದೇ ಸರಿ. ಇದು ಪ್ರಕಟವಾದ ಲೇಖನವೊಂದರ ವಾದ. ಹೊರೆಯ ಕಳಕಳಿ ನ್ಯಾಯವೇ. ಆದರೆ ಹತ್ತು ಪಾಠಗಳನ್ನು ಮತ್ತೆ ಓದಿಸುವುದು ಹಗುರವೇ?

ದಶಮಾಂಶವನ್ನೇ ನೋಡೋಣ. 0.6 ಮತ್ತು 0.45ರಲ್ಲಿ ದೊಡ್ಡದು ಯಾವುದು ಎಂದರೆ ಕೆಲವು ಮಕ್ಕಳು 0.45 ಎನ್ನುತ್ತಾರೆ, ಅವರ ಕಣ್ಣಿಗೆ 45 ಎಂಬುದು 6ಕ್ಕಿಂತ ದೊಡ್ಡದು. ಇನ್ನು ಕೆಲವರು, ಅಂಕಿ ಹೆಚ್ಚಾದಷ್ಟೂ ಸಂಖ್ಯೆ ಚಿಕ್ಕದು ಎಂದು ನಂಬಿ 0.6 ಎಂದು ಬರೆಯುತ್ತಾರೆ. ಉತ್ತರ ಸರಿ, ಕಾರಣ ತಪ್ಪು! ಇವರು ಸಿಕ್ಕಿಬೀಳುವುದು 0.3 ಮತ್ತು 0.47 ಕೇಳಿದಾಗ, ಅಲ್ಲಿ ಮೊದಲ ಗುಂಪಿನವರು ಪಾರಾಗುತ್ತಾರೆ. ಎರಡೂ ಬಗೆಯ ಪ್ರಶ್ನೆಗಳನ್ನು ಮೂರು ಮೂರರಂತೆ ಕೊಟ್ಟರೆ ಊಹೆಯ ಉತ್ತರಗಳೂ ಬಹುಮಟ್ಟಿಗೆ ಬಯಲಾಗುತ್ತವೆ. ಈ ಆರು ಪ್ರಶ್ನೆಗಳಿಗೆ ಹತ್ತು ನಿಮಿಷ ಸಾಕು. ಇಡೀ ಪಠ್ಯದ ಪತ್ರಿಕೆಯಲ್ಲಿ ದಶಮಾಂಶಕ್ಕೆ ಸಿಗುವುದು ಒಂದೋ ಎರಡೋ ಪ್ರಶ್ನೆ. ಅದರಿಂದ ಮಗು ಯಾವ ಗುಂಪಿನದೆಂದು ತಿಳಿಯದು.

ಪ್ರಶ್ನೆ ಮೊದಲೇ ಗೊತ್ತಾದರೆ ಬಾಯಿಪಾಠವಾಗುತ್ತದೆ ಎಂಬ ಆಕ್ಷೇಪವಿದೆ. ಕಲಿಸಿದ ಮೇಲೆ 0.8 ಮತ್ತು 0.35, 0.2 ಮತ್ತು 0.58 ಎಂದು ಸಂಖ್ಯೆ ಬದಲಿಸಿದರೆ ಆಯಿತು. ಅಡ್ಡದಾರಿಯ ಆರೋಪ ನಿಜವಾಗುವುದು ಕಿರುಪರೀಕ್ಷೆಯ ಅಂಕಗಳನ್ನು ಫಲಿತಾಂಶಕ್ಕೆ ಸೇರಿಸಿದಾಗ ಮಾತ್ರ. ಸೇರಿಸಬೇಡಿ. ತರಗತಿಯ ಬಹುಪಾಲು ಮಕ್ಕಳು ಒಂದೇ ಬಗೆಯ ಪ್ರಶ್ನೆಯಲ್ಲಿ ಎಡವಿದ್ದರೆ ಮಾತ್ರ ಲೇಖಕರು ಹೇಳಿದಂತೆ ಎಲ್ಲರಿಗೂ ಮರುಪಾಠ ಬೇಕು. ಅದೂ ಆ ಒಂದು ಪಾಠಕ್ಕೆ, ಇಡೀ ಪುಸ್ತಕಕ್ಕಲ್ಲ.